ಮುದ್ದೆ ಕಮ್ಮಿ ಮಾಡ್ಲಾ, ಓಟ ಕಮ್ಮಿ ಮಾಡ್ಲಾ?

ಜನವರಿಯಲ್ಲಿ ಕೋಲಾರದ ಒಬ್ಬ ಡಯಟೀಶಿಯನ್ ಮೇಡಂಗೆ ನಾನು ಬರೆದ ಪತ್ರ ಇದು. ಅವರನ್ನ ನೋಡೋಕೆ ಹೋಗೋ ಮುಂಚೆ "ನಿನ್ನ ತೂಕ, ಓಟ, ಊಟ ಮೂರನ್ನೂ ಬರೆದು ಕಳಿಸು, ಆಮೇಲೆ ಮಾತಾಡೋಣ" ಅಂದಿದ್ದರು. ಹಾಸ್ಟೆಲಲ್ಲಿ ಬೆಳಗ್ಗೆ ಎದ್ದು ಓಡೋ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದಾರೆ, ಅವರಲ್ಲಿ ಅರ್ಧ ಜನ ತೂಕ ಇಳಿಸೋಕೂ ಹೊರಟಿದಾರೆ. ಅದಕ್ಕೇ ಪತ್ರದ ಜೊತೆಗೆ ಮೇಡಂ ಹೇಳಿದ ಉತ್ತರವನ್ನೂ ಇಲ್ಲಿ ಹಾಕ್ತಿದ್ದೇನೆ.

ಮೇಡಂ, ನಮಸ್ಕಾರ.

ನನಗೆ 20 ವರ್ಷ, ಎತ್ತರ 172 ಸೆಂಟಿಮೀಟರ್, ತೂಕ 78 ಕಿಲೋ. ಊರು ಶ್ರೀನಿವಾಸಪುರದ ಹತ್ತಿರ, ಓದ್ತಿರೋದು ಕೋಲಾರದಲ್ಲಿ. ಬೆಂಗಳೂರಲ್ಲಿ 2008ರಿಂದ ನಡೀತಿರೋ ವರ್ಲ್ಡ್ ಟೆನ್‌ಕೆ ಓಟಕ್ಕೆ ಇನ್ನು 14 ವಾರ ಇದೆ. ಈಗ ನನಗೆ 10 ಕಿಲೋಮೀಟರ್‌ಗೆ 65 ನಿಮಿಷ ಬೇಕು. 60ರ ಒಳಗೆ ಬರಬೇಕು ಅನ್ನೋದು ಒಂದು ಆಸೆ.

ಇನ್ನೊಂದು ಆಸೆ ಅಲ್ಲ, ಅಗತ್ಯ. ಅಪ್ಪನಿಗೆ 41ಕ್ಕೇ ಸಕ್ಕರೆ ಕಾಯಿಲೆ ಬಂತು. ಕಳೆದ ದೀಪಾವಳಿ ರಜೆಯಲ್ಲಿ ಅವರ ಜೊತೆ ನಾನೂ ರಕ್ತ ಕೊಟ್ಟೆ. ಡಾಕ್ಟರು ರಿಪೋರ್ಟ್ ನೋಡಿ, "ನಿನಗಿನ್ನೂ ಬಂದಿಲ್ಲ, ಆದರೆ ಗೆರೆಯ ಹತ್ತಿರ ಇದೀಯ. ಹೊಟ್ಟೆ ಕರಗಿಸು" ಅಂದರು. ಆರು ಕಿಲೋ ಇಳಿಸಬೇಕು ಅಂತ ನಾನೇ ಲೆಕ್ಕ ಹಾಕ್ಕೊಂಡಿದ್ದೇನೆ.

ನನ್ನ ವಾರ ಹೀಗಿದೆ. ಮಂಗಳವಾರ ನಿಧಾನಕ್ಕೆ 5 ಕಿಲೋಮೀಟರ್, ಅಂತರಗಂಗೆ ಬೆಟ್ಟದ ಕಡೆ ರಸ್ತೇಲಿ. ಗುರುವಾರ ಮೈದಾನದಲ್ಲಿ ಜೋರು ಓಟ, ನಡುವೆ ನಡಿಗೆ, ಎಲ್ಲಾ ಸೇರಿ 6. ಶನಿವಾರ ಊರಿಗೆ ಹೋದಾಗ ಮಾವಿನ ತೋಪುಗಳ ಪಕ್ಕದ ದಾರೀಲಿ 4. ಭಾನುವಾರ ಅಲ್ಲೇ ಉದ್ದದ ಓಟ, 9. ಒಟ್ಟು 24. ಉಳಿದ ಮೂರು ದಿನ ಓಟ ಇಲ್ಲ.

ಊಟ: ಬೆಳಗ್ಗೆ ಮೆಸ್ಸಿನ ತಿಂಡಿ, ಮಧ್ಯಾಹ್ನ ಒಂದು ಮುದ್ದೆ, ಸಾರು, ಅನ್ನ, ಮಜ್ಜಿಗೆ. ರಾತ್ರೀನೂ ಹೆಚ್ಚುಕಮ್ಮಿ ಅದೇ. ನಡುವೆ ನಾಲ್ಕು ಟೀ, ಸಂಜೆ ಬೇಕರಿಯ ಪಫ್ಫೋ ಬನ್ನೋ. ತಿಂಗಳಿಗೊಮ್ಮೆ ಮುಳಬಾಗಿಲಲ್ಲಿ ಅಜ್ಜಿ ಮನೆಗೆ ಹೋದರೆ ದೋಸೆ; ಎಷ್ಟು ಅಂತ ಬರೆಯೋದು ಬೇಡ.

ನನ್ನ ಗೊಂದಲ ಇಷ್ಟೇ. ಫೋನಲ್ಲಿರೋ ಆ್ಯಪ್ ದಿನಕ್ಕೆ 1500 ಕ್ಯಾಲೊರಿ ತಿನ್ನು ಅನ್ನುತ್ತೆ. ನನ್ನ ರೂಮ್‌ಮೇಟ್ ಮಾಲೂರಿನವನು. ಹೋದ ಸೆಮಿಸ್ಟರ್ ಅವನು ಇದೇ ಥರ ರಾತ್ರಿ ಊಟ ಬಿಟ್ಟು ಓಡಿದ. ಐದು ವಾರದಲ್ಲಿ ಐದು ಕಿಲೋ ಇಳಿದ. ಆರನೇ ವಾರ ಮೊಣಕಾಲಿನ ಕೆಳಗೆ, ಮೂಳೆಯ ಒಂದೇ ಜಾಗದಲ್ಲಿ ನೋವು ಶುರುವಾಯ್ತು. ಸ್ಟ್ರೆಸ್ ಫ್ರಾಕ್ಚರ್ ಅಂತ ಡಾಕ್ಟರು ಓಟ ನಿಲ್ಲಿಸಿದರು. ಓಟ ನಿಂತ ಮೇಲೆ ತೂಕವೂ ವಾಪಸ್ ಬಂತು. ಅಮ್ಮನೋ, "ಓಡ್ತೀನಿ ಅಂತೀಯ, ಉಣ್ಣಲ್ಲ ಅಂತೀಯ, ಇದೆಂಥ ಲೆಕ್ಕಾನೋ?" ಅಂತಾಳೆ. ಅವಳ ಪ್ರಶ್ನೆಯನ್ನೇ ನಿಮಗೆ ಕೇಳ್ತಿದ್ದೇನೆ: ಕಮ್ಮಿ ತಿನ್ನೋದು, ಜಾಸ್ತಿ ಓಡೋದು, ಎರಡನ್ನೂ ಒಟ್ಟಿಗೆ ಮಾಡೋದು ಹೇಗೆ?

ಪತ್ರ ಇಲ್ಲಿಗೆ ಮುಗೀತು. ಮುಂದಿನ ಶುಕ್ರವಾರ ಹೋದಾಗ ಮೇಡಂ ಅದರ ಹಿಂಬದಿಯಲ್ಲೇ ಲೆಕ್ಕ ಶುರು ಮಾಡಿದರು.

ಸುಮ್ಮನೆ ಮಲಗಿದ್ದರೂ ಈ ದೇಹಕ್ಕೆ ದಿನಕ್ಕೆ ಸುಮಾರು 1760 ಕ್ಯಾಲೊರಿ ಬೇಕು. ತೂಕ, ಎತ್ತರ, ವಯಸ್ಸು ಹಾಕಿದರೆ ಮಿಫ್ಲಿನ್ ಸೂತ್ರದಲ್ಲಿ ಬರೋ ಸಂಖ್ಯೆ ಅದು. ಕ್ಲಾಸು, ಲ್ಯಾಬು, ಓಡಾಟ ಸೇರಿಸಿದರೆ ಸುಮಾರು 2450. ಓಟಕ್ಕೆ ಒಂದು ಸುಲಭ ಅಂದಾಜಿದೆ: ಒಂದು ಕಿಲೋಮೀಟರ್‌ಗೆ, ಒಂದು ಕಿಲೋ ತೂಕಕ್ಕೆ, ಹತ್ತಿರ ಹತ್ತಿರ ಒಂದು ಕ್ಯಾಲೊರಿ. ವೇಗ ಹೆಚ್ಚೋ ಕಮ್ಮಿಯೋ, ಇದು ಅಷ್ಟೇನೂ ಬದಲಾಗಲ್ಲ. ಅಂದರೆ ಭಾನುವಾರದ 9 ಕಿಲೋಮೀಟರ್‌ಗೆ ಸುಮಾರು 700.

"ಈಗ ಆ್ಯಪ್ ಹೇಳಿದ 1500 ತಗೋ" ಅಂದರು. "ಭಾನುವಾರ ಅದರಲ್ಲಿ 700 ಓಟಕ್ಕೆ ಹೋಯ್ತು. ಉಳಿದದ್ದು 800. ಹೃದಯ, ಮೆದುಳು, ಮೂಳೆ ರಿಪೇರಿ, ಹಾರ್ಮೋನು, ಎಲ್ಲಾ ಅದರಲ್ಲೇ ನಡೀಬೇಕು."

ಇದನ್ನ ಅಳೆಯೋಕೆ ಒಂದು ಅಳತೆ ಇದೆ. ತಿಂದದ್ದರಿಂದ ಓಟದ ಖರ್ಚು ಕಳೆದು, ಕೊಬ್ಬು ಬಿಟ್ಟು ಉಳಿದ ದೇಹದ ತೂಕದಿಂದ ಭಾಗಿಸಬೇಕು. ನನ್ನ ಕೊಬ್ಬು ಅಂದಾಜು 22 ಪರ್ಸೆಂಟ್, ಹಾಗಾಗಿ ಉಳಿದದ್ದು 61 ಕಿಲೋ. 800 ಭಾಗಿಸು 61, ಅಂದರೆ 13. ಇದು ದಿನಗಟ್ಟಲೆ 30ರ ಕೆಳಗೇ ಇದ್ದರೆ ದೇಹ ಖರ್ಚು ಉಳಿಸೋಕೆ ಶುರು ಮಾಡುತ್ತೆ, ಮೊದಲು ಕತ್ತರಿ ಹಾಕೋದು ಮೂಳೆ ಕಟ್ಟೋ ಕೆಲಸಕ್ಕೆ, ಹಾರ್ಮೋನುಗಳಿಗೆ. 30 ಅನ್ನೋದು ಎಲ್ಲರಿಗೂ ಒಂದೇ ಥರ ಕೊರೆದಿಟ್ಟ ಗೆರೆ ಅಲ್ಲ, ಆದರೆ 13 ಅನ್ನೋದು ಯಾರಿಗೂ ಸರಿ ಅಲ್ಲ. ನನ್ನ ರೂಮ್‌ಮೇಟ್ ಕಾಲಿನ ಕಥೆ ನನಗೆ ಅಲ್ಲಿ ಅರ್ಥ ಆಯ್ತು.

ಹಾಗಾದರೆ ದಾರಿ? ಕೊರತೆಯನ್ನ ಎಲ್ಲಾ ದಿನಕ್ಕೂ ಸಮ ಹಂಚಬೇಡ ಅಂದರು. ಓಟ ಇಲ್ಲದ ಮೂರು ದಿನ 2000, ನಿಧಾನ ಓಟದ ಮಂಗಳವಾರ, ಶನಿವಾರ 2400, ಗುರುವಾರ 2700, ಭಾನುವಾರ 3000. ಭಾನುವಾರ ನನ್ನ ಖರ್ಚು ಸುಮಾರು 3150, ಅಂದರೆ ಕೊರತೆ ಬರೀ 150. ಓಟ ಇಲ್ಲದ ದಿನ ಕೊರತೆ 450. ವಾರ ಪೂರ್ತಿ ಕೂಡಿಸಿದರೆ ಹತ್ತಿರ ಹತ್ತಿರ 2500 ಕೊರತೆ. ಒಂದು ಕಿಲೋ ಕೊಬ್ಬಿಗೆ ಅಂದಾಜು 7700, ಹಾಗಾಗಿ ವಾರಕ್ಕೆ ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ಇಳೀಬೇಕು. ಆ 30ರ ಅಳತೆಯಲ್ಲಿ ನೋಡಿದರೆ ಏಳೂ ದಿನ 32ರ ಮೇಲೇ ಇದೆ.

"ಆರು ಕಿಲೋ ಆಗಲ್ವಲ್ಲ ಮೇಡಂ?"

"ಈ 14 ವಾರದಲ್ಲಿ ಮೂರು. ಉಳಿದ ಮೂರು ಓಟ ಮುಗಿದ ಮೇಲೆ. ಸಕ್ಕರೆ ಕಾಯಿಲೆ ಏನು ಏಪ್ರಿಲ್‌ಗೇ ಡೆಡ್‌ಲೈನ್ ಕೊಟ್ಟಿದೆಯಾ?"

ಕೊರತೆ ಮೊದಲ 11-12 ವಾರಕ್ಕೆ ಮಾತ್ರ. ಕೊನೆಯ ಎರಡು ವಾರ ಖರ್ಚಾದಷ್ಟೂ ತಿನ್ನಬೇಕು, ಇಲ್ಲಾಂದರೆ ಓಟದ ದಿನ ಮಾಂಸಖಂಡದಲ್ಲಿ ಗ್ಲೈಕೋಜನ್ ತುಂಬಿರಲ್ಲ. ಮೂರು ಕಿಲೋ ಅಂದರೆ ನನ್ನ ತೂಕದ 4 ಪರ್ಸೆಂಟ್. ಎಂಜಿನ್ ಅಷ್ಟೇ ಇದ್ದು ಗಾಡಿ 4 ಪರ್ಸೆಂಟ್ ಹಗುರ ಆದರೆ 65 ನಿಮಿಷದಲ್ಲಿ ಎರಡೂವರೆ ನಿಮಿಷದಷ್ಟು ಉಳಿಯಬಹುದು. ಬಾಕಿ ಎರಡೂವರೆ ಗುರುವಾರದ ಜೋರು ಓಟದಿಂದ ಬರಬೇಕು. ಆ ಗುರುವಾರ ಹಸಿದ ಹೊಟ್ಟೇಲಿ ಓಡಿದರೆ ಎಂಜಿನ್ನೇ ಚಿಕ್ಕದಾಗುತ್ತೆ, ಹಗುರ ಆಗಿಯೂ ಲಾಭ ಇಲ್ಲ.

ಮುದ್ದೆ ವಿಷಯಕ್ಕೆ ಬಂದಾಗ ನಾನು ಬೈಗುಳಕ್ಕೆ ರೆಡಿಯಾಗಿದ್ದೆ. ಮೇಡಂ ನಕ್ಕರು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಗೆ 320 ಕ್ಯಾಲೊರಿ ಆಸುಪಾಸು, ಜೊತೆಗೆ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ಮೂಳೆ ಉಳಿಸಿಕೊಂಡು ತೂಕ ಇಳಿಸಬೇಕಾದವನು ಅದನ್ನ ಬಿಡೋದು ಯಾಕೆ? ಕತ್ತರಿ ಹಾಕಬೇಕಾದ್ದು ಪಫ್ಫಿಗೆ, ಮೂರನೇ ನಾಲ್ಕನೇ ಟೀಗೆ, ಒಗ್ಗರಣೆಯ ಎಣ್ಣೆಗೆ. ಒಂದು ಚಮಚ ಎಣ್ಣೆಗೇ 45. ಓಟ ಇಲ್ಲದ ದಿನದ 450ರಲ್ಲಿ ಬಹುಪಾಲು ಬೇಕರಿ ದಾರಿ ಬದಲಾಯಿಸಿದರೇ ಸಿಗುತ್ತೆ.

ಆದರೆ ಮುದ್ದೆಗೊಂದು ಹೊತ್ತಿದೆ. ನಾರು ಜಾಸ್ತಿ, ನಿಧಾನಕ್ಕೆ ಕರಗುತ್ತೆ, ಹಾಗಾಗಿ ಓಟಕ್ಕೆ ಎರಡು ಮೂರು ಗಂಟೆ ಮುಂಚೆ ನುಂಗಿದರೆ ಹೊಟ್ಟೇಲಿ ಕಲ್ಲಿನ ಥರ ಕೂರುತ್ತೆ. ಹಿಂದಿನ ದಿನ ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ, ಬೆಳಗ್ಗೆ ಓಡೋಕೆ ಮುಕ್ಕಾಲು ಗಂಟೆ ಮುಂಚೆ ಒಂದೆರಡು ಬಾಳೆಹಣ್ಣು. ಓಡಿ ಬಂದ ಒಂದು ಗಂಟೆಯೊಳಗೆ ಸರಿಯಾದ ತಿಂಡಿ, ಎರಡು ಮೊಟ್ಟೆ, ಒಂದು ಲೋಟ ಹಾಲು.

ಪ್ರೋಟೀನ್ ದಿನಕ್ಕೆ ಸುಮಾರು 110 ಗ್ರಾಂ ಬೇಕು, ಇಲ್ಲಾಂದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಬರೀ ಮುದ್ದೆ, ಅನ್ನ, ನೀರು ಸಾರಲ್ಲಿ ಇದರ ಅರ್ಧವೂ ಬರಲ್ಲ. ಮೂರು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಬಟ್ಟಲು ಮೊಸರು, ಒಂದು ಹಿಡಿ ಕಡ್ಲೆಬೀಜ, ಒಂದು ಹಿಡಿ ಸೋಯಾ ಚಂಕ್ಸ್, ಮೇಲೆ ಹುರುಳಿ ಅಥವಾ ಕಡ್ಲೆಕಾಳಿನ ಗಟ್ಟಿ ಸಾರು ಸೇರಿದರೆ ಬಂತು. "ಈಗ ಅವರೆಕಾಯಿ ಕಾಲ. ಸಾರಿನ ತಿಳಿ ಬಿಟ್ಟು ತಳದ ಕಾಳು ಹಾಕಿಸ್ಕೋ" ಅಂದರು. ಮೆಸ್ಸಿನಲ್ಲಿ ಸೌಟು ಹಿಡಿದ ಅಣ್ಣನ ಜೊತೆ ಆವತ್ತಿಂದ ಸ್ನೇಹ ಬೆಳೆಸಿದ್ದೇನೆ.

ಈ ಎಲ್ಲಾ ಸಂಖ್ಯೆಗಳೂ ಅಂದಾಜು. ಸೂತ್ರ ತಪ್ಪಬಹುದು, ಕೈಗಡಿಯಾರ ಓಟದ ಕ್ಯಾಲೊರಿ ಜಾಸ್ತಿ ತೋರಿಸಬಹುದು. ಸರಿ ಇದೆಯಾ ಅಂತ ಹೇಳೋದು ತೂಕದ ಯಂತ್ರ, ಅದೂ ಒಂದು ದಿನದ್ದಲ್ಲ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಮೂರು ಗ್ರಾಂನಷ್ಟು ನೀರು ಕೂರುತ್ತೆ, ಉಪ್ಪುಸಾರು ಉಂಡ ಮರುದಿನವೂ ನೀರು ನಿಲ್ಲುತ್ತೆ. ಒಂದೆರಡು ಕಿಲೋ ಹಾಗೇ ಏರಿಳಿಯುತ್ತೆ. ನಮಗೆ ಗೊತ್ತಿರೋ ಮದ್ದೇ ಇದಕ್ಕೂ: ಮೂವಿಂಗ್ ಆವರೇಜ್. ದಿನಾ ಬೆಳಗ್ಗೆ ತೂಗು, ಏಳು ದಿನದ ಸರಾಸರಿ ತೆಗಿ, ಈ ವಾರದ ಸರಾಸರಿಯನ್ನ ಹೋದ ವಾರದ್ದರ ಪಕ್ಕ ಇಡು. ಮೂರು ವಾರ ನೋಡಿದ ಮೇಲೂ ವಾರಕ್ಕೆ 700 ಗ್ರಾಂಗಿಂತ ಜೋರಾಗಿ ಇಳೀತಿದ್ದರೆ ದಿನಕ್ಕೆ 200 ಕ್ಯಾಲೊರಿ ಸೇರಿಸು. ಇಳೀತಾನೇ ಇಲ್ಲ ಅಂದರೆ ಓಟ ಇಲ್ಲದ ದಿನಗಳಲ್ಲಿ ಮಾತ್ರ 150 ತೆಗಿ.

ತೂಕದ ಯಂತ್ರ ಹೇಳದ ಕೆಲವು ಸೂಚನೆಗಳನ್ನೂ ಬರೆಸಿಕೊಟ್ಟರು. ಎದ್ದ ತಕ್ಷಣದ ನಾಡಿ ಎಂದಿಗಿಂತ ಎಂಟು ಹತ್ತು ಜಾಸ್ತಿ ಇದ್ದು ಹಾಗೇ ಉಳಿದರೆ, ರಾತ್ರಿ ಮೂರಕ್ಕೆ ಹಸಿವಿಂದ ಎಚ್ಚರ ಆದರೆ, ನಿಧಾನ ಓಟವೂ ಭಾರ ಅನ್ನಿಸಿದರೆ, ಒಂದು ವಾರ ಕೊರತೆ ನಿಲ್ಲಿಸಬೇಕು. ಮೂಳೆಯ ಒಂದೇ ಜಾಗ ಒತ್ತಿದರೆ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ನೋವು ಅಂದರೆ ಅವತ್ತೇ ಓಟ ನಿಲ್ಲಿಸಿ ಡಾಕ್ಟರ ಹತ್ತಿರ. "ನಿನ್ನ ಕ್ಲಾಸಿನ ಹುಡುಗೀರಿಗೂ ಹೇಳು. ಓಟ ಶುರು ಮಾಡಿದ ಮೇಲೆ ಮುಟ್ಟು ತಪ್ಪಿದರೆ ಅದು ಫಿಟ್‌ನೆಸ್ ಅಲ್ಲ, ಊಟ ಸಾಲ್ತಿಲ್ಲ ಅನ್ನೋದಕ್ಕೆ ಮೊದಲ ಸೂಚನೆ ಇರಬಹುದು. ಪರೀಕ್ಷೆ ಮಾಡಿಸಲಿ" ಅಂದರು.

ಇದನ್ನ ಬರೆಯೋ ಹೊತ್ತಿಗೆ ಐದು ವಾರ ಮುಗಿದಿದೆ. ಸರಾಸರಿ ತೂಕ 76.6. ಗುರುವಾರದ ಓಟ ಒಂದೂ ತಪ್ಪಿಲ್ಲ. ಅಪ್ಪ ಶನಿವಾರ ತೋಪಿನ ದಾರೀಲಿ ನನ್ನ ಹಿಂದೆ ಎರಡು ಕಿಲೋಮೀಟರ್ ನಡೀತಾರೆ. ಅಮ್ಮ ಕೇಳಿದ ಲೆಕ್ಕಕ್ಕೆ ಉತ್ತರ ಸಿಕ್ಕಿದೆ: ಓಡೋ ದಿನ ಉಣ್ಣು, ಓಡದ ದಿನ ಬೇಕರಿ ಬಿಡು. ಇದನ್ನ ಅವಳಿಗೆ ಹೇಳಿದರೆ, "ಇಷ್ಟು ಹೇಳೋಕೆ ಫೀಸ್ ಬೇರೆ ತಗೊಂಡ್ರಾ?" ಅಂದಳು.