ಸಮುದ್ರವೆಂಬ ಹೆಸರಿನ ಕೆರೆ

ಶ್ರೀರಾಂಪುರದಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಮೈಸೂರಿನವರೇ ಒಂದು ಗಳಿಗೆ ಯೋಚಿಸುತ್ತಾರೆ. ಊರಿಗೆ ಬಂದವರ ಕಾಲು ಅರಮನೆ, ಬೆಟ್ಟ, ಮೃಗಾಲಯಗಳ ಕಡೆಗೇ ಹೋಗುವುದು ವಾಡಿಕೆ. ಶಿವಮೊಗ್ಗದಿಂದ ತಂಗಿಯ ಮನೆಗೆ ಬಂದಿದ್ದ ನನ್ನನ್ನು ಅವಳ ಮಗಳು ಬೆಳಿಗ್ಗೆ ಎಬ್ಬಿಸಿಕೊಂಡು ಹೊರಟಿದ್ದು ಮಾತ್ರ ಬಡಾವಣೆಗೆ ಹೊಂದಿಕೊಂಡಂತೆಯೇ ಇರುವ ಲಿಂಗಾಂಬುಧಿ ಕೆರೆಗೆ. ಹುಡುಗಿ ಹತ್ತನೇ ತರಗತಿ. ಕೈಯಲ್ಲಿ ಶಾಲೆಯಲ್ಲಿ ಕೊಟ್ಟ ಒಂದು ಹಾಳೆ. ಅದರಲ್ಲೊಂದು ಅಪಠಿತ ಗದ್ಯ, ಕೆಳಗೆ ಪ್ರಶ್ನೆಗಳು. ನಿಘಂಟು ನೋಡದೆ ಕಠಿಣ ಪದಗಳ ಅರ್ಥ ಬರೆಯಬೇಕಂತೆ.

ಗದ್ಯ ಹೀಗಿತ್ತು: ‘ವಾರಿದಗಳು ಕರಗಿದಾಗ ಕೆರೆಯು ಅಂಬುಧಿಯಂತೆ ತೋರುತ್ತಿತ್ತು. ಗಾಳಿಗೆ ಹೆದ್ದೆರೆಗಳು ಏಳುತ್ತಿದ್ದವು. ದಡದ ಪಾದಪಗಳಲ್ಲಿ ದ್ವಿಜಗಳ ಕಲರವ, ನೀರಜಗಳ ಮೇಲೆ ಮಧುಪಗಳ ಸುಳಿದಾಟ. ಈ ಅಪಾರ ಸಂಪತ್ತನ್ನು ಕಾಯುವುದು ಭೂಪನ ಹೊಣೆಯಾಗಿತ್ತು.’

“ಅಂಬು ಅಂದ್ರೆ ಬಾಣ ಅಲ್ವಾ ದೊಡ್ಡಮ್ಮ? ಕೆರೆಗೂ ಬಾಣಕ್ಕೂ ಏನು ಸಂಬಂಧ?” ಎಂದಳು.

ಕನ್ನಡದ ಅಂಬು ಬಾಣವೇ ಸರಿ. ಆದರೆ ಇಲ್ಲಿ ಹಿಂದೆ ‘ಧಿ’ ಇದೆ. ಅದು ‘ಧಾ’ ಎಂಬ ಸಂಸ್ಕೃತ ಧಾತುವಿನಿಂದ ಬಂದದ್ದು. ಇಟ್ಟುಕೊಳ್ಳುವುದು, ಹಿಡಿದಿಡುವುದು ಎಂದರ್ಥ. ಬಾಲ ಸಂಸ್ಕೃತದ್ದಾದರೆ ತಲೆಯನ್ನೂ ಮೊದಲು ಅಲ್ಲೇ ಹುಡುಕಬೇಕು. ಸಂಸ್ಕೃತದ ಅಂಬು ಎಂದರೆ ನೀರು. ನೀರನ್ನು ಹಿಡಿದಿಟ್ಟುಕೊಂಡದ್ದು ಅಂಬುಧಿ, ಅಂದರೆ ಸಮುದ್ರ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಈ ಕೆರೆಗೆ ಸಮುದ್ರದ ಪಟ್ಟ ಸಿಕ್ಕಿದ್ದು ಹೀಗೆ. ಬೆಂಗಳೂರಿನ ಕೆಂಪಾಂಬುಧಿಗೂ ಅದೇ ಗೌರವ. ಕೆರೆ ಕಟ್ಟಿಸಿದವರು ಹೆಸರಿಡುವಾಗ ಕೈ ಬಿಗಿ ಹಿಡಿಯುತ್ತಿರಲಿಲ್ಲ!

ನಡಿಗೆಯ ದಾರಿ ಹಿಡಿದು ನೀರಿನ ಕಡೆ ತಿರುಗಿದ ಮೇಲೆ ನಡೆದದ್ದು ನನಗೂ ಬೆರಗು ಹುಟ್ಟಿಸಿತು. ಹುಡುಗಿ ಹಾಳೆಯ ಹಿಂಬದಿಯಲ್ಲಿ ನೀರಿನ ಹೆಸರುಗಳನ್ನು ಉದ್ದಕ್ಕೆ ಬರೆದಳು: ಅಂಬು, ಜಲ, ವಾರಿ, ನೀರ. ಅಡ್ಡಕ್ಕೆ ಮೂರೇ ಬಾಲ: ಧಿ, ಜ, ದ. ‘ಜ’ ಹುಟ್ಟಿದ್ದು, ‘ದ’ ಕೊಡುವುದು. ಮನೆಗಳನ್ನು ತುಂಬುತ್ತ ಹೋದಂತೆ ಅಂಬುಧಿ, ಜಲಧಿ, ವಾರಿಧಿ, ನೀರಧಿ ಎಲ್ಲವೂ ಸಮುದ್ರವಾದವು. ಅಂಬುಜ, ಜಲಜ, ವಾರಿಜ, ನೀರಜ ಎಲ್ಲವೂ ತಾವರೆ. ಅಂಬುದ, ಜಲದ, ವಾರಿದ, ನೀರದ ಎಲ್ಲವೂ ಮೋಡ. ಏಳು ತುಂಡುಗಳಿಂದ ಹನ್ನೆರಡು ಪದ! ಕಣ್ಣೆದುರಿಗೆ ನೀರು, ನೀರಿನಲ್ಲಿ ಹುಟ್ಟಿದ್ದು, ತಲೆಯ ಮೇಲೆ ನೀರು ಕೊಡುವುದು. ನಾವು ನಿಂತಿದ್ದ ಜಾಗವೇ ಕೋಷ್ಟಕವಾಗಿಬಿಟ್ಟಿತ್ತು.

ಇದರಲ್ಲಿ ಎಡವುವುದೂ ಸುಲಭ. ವಾರಿಧಿ ಸಮುದ್ರ, ವಾರಿದ ಮೋಡ. ಮಾತಿನಲ್ಲಿ ಮಹಾಪ್ರಾಣ ತೇಲಿಹೋದರೆ ಕೇಳುವವರಿಗೆ ಉಳಿಯುವ ವ್ಯತ್ಯಾಸ ಕೊನೆಯ ಸ್ವರದ್ದು ಮಾತ್ರ. ಓದುವಾಗ ಮಾತ್ರ ಧಕಾರದ ಹೊಟ್ಟೆ ಸೀಳಿದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಇನ್ನೊಂದು ಮಿತಿ ನೀರಿನಲ್ಲೇ ಕಾಣಿಸಿತು. “ಮೀನೂ ನೀರಲ್ಲೇ ಹುಟ್ಟುತ್ತೆ, ಅದ್ಯಾಕೆ ನೀರಜ ಅಲ್ಲ?” ಎಂದಳು. ತುಂಡುಗಳು ಹೇಳುವುದು ‘ನೀರಿನಲ್ಲಿ ಹುಟ್ಟಿದ್ದು’ ಎಂಬಷ್ಟನ್ನೇ. ಅದು ತಾವರೆಯೇ ಎಂದು ಗೊತ್ತುಮಾಡಿದ್ದು ಬಳಕೆ. ಬಿಡಿಸಿದರೆ ಸಿಗುವ ಅರ್ಥ, ರೂಢಿ ಕಟ್ಟಿಕೊಟ್ಟ ಅರ್ಥ, ಎರಡೂ ಸೇರಿದ ಇಂಥ ಪದಗಳಿಗೆ ಯೋಗರೂಢ ಎನ್ನುತ್ತಾರೆ.

ದಾರಿಯಲ್ಲಿ ದೊಡ್ಡ ಮರವೊಂದರ ಕೆಳಗೆ ನಿಂತು ‘ಪಾದಪ’ಕ್ಕೆ ಬಂದೆವು. ಮಧುಪ ಅವಳಿಗೆ ಆಗಲೇ ಹೊಳೆದಿತ್ತು: ಮಧುವನ್ನು ಕುಡಿಯುವುದು, ದುಂಬಿ. ‘ಪ’ ಅಂದರೆ ಕುಡಿಯುವುದು ಎಂದು ಗಟ್ಟಿ ಮಾಡಿಕೊಂಡು ಪಾದಪಕ್ಕೆ ಹಚ್ಚಿದಳು. “ಪಾದ ಕುಡಿಯೋದಾ!” ಎಂದು ನಕ್ಕಳು. ಪಾದವನ್ನಲ್ಲ ಕಣೇ, ಪಾದದಿಂದ ಎಂದೆ. ಅವಳ ಕಣ್ಣು ಮರದ ಬುಡಕ್ಕೆ ಇಳಿಯಿತು, ಬೇರುಗಳ ಮೇಲೆ ಹರಿದಾಡಿತು. ಕಾಲಿನಿಂದ ನೀರು ಕುಡಿಯುವ ಪ್ರಾಣಿಯೆಂದು ಮರವನ್ನು ಕಂಡವರ ಕಣ್ಣು ಎಂಥದ್ದಿರಬೇಕು! ಆನೆಗೂ ಅವರು ಅಷ್ಟೇ ಚಂದದ ಹೆಸರಿಟ್ಟರು: ದ್ವಿಪ, ಎರಡು ಸಲ ಕುಡಿಯುವುದು. ಮೊದಲು ಸೊಂಡಿಲಿನಲ್ಲಿ, ಆಮೇಲೆ ಬಾಯಲ್ಲಿ. ದಸರಾ ಆನೆಗಳನ್ನು ಪ್ರತಿ ವರ್ಷ ನೋಡುವ ಹುಡುಗಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಹಾಗಾದರೆ ಭೂಪ ಭೂಮಿಯನ್ನು ಕುಡಿಯುವವನೇ? ಇಲ್ಲಿ ಧಾತುವೇ ಬೇರೆ. ‘ಪಾ’ ಎಂಬ ರೂಪದಲ್ಲಿ ಎರಡು ಧಾತುಗಳಿವೆ. ಒಂದಕ್ಕೆ ಕುಡಿ, ಇನ್ನೊಂದಕ್ಕೆ ಕಾಪಾಡು ಎಂಬ ಅರ್ಥ. ಭೂಪ, ನೃಪ, ಗೋಪ ಇವೆಲ್ಲ ಕಾಯುವವರ ಸಾಲು. ಯಾವ ‘ಪಾ’ ಎಂದು ಪದದ ಮೇಲೆ ಬರೆದಿರುವುದಿಲ್ಲ. ಹಾಳೆಯಲ್ಲಿ ಮಾತ್ರ ‘ಕಾಯುವುದು ಭೂಪನ ಹೊಣೆ’ ಎಂದು ವಾಕ್ಯವೇ ಬಾಯಿಬಿಟ್ಟು ಹೇಳಿತ್ತು.

‘ಅಪಾರ’ವನ್ನು ಅವಳು ಮೊದಲು ಅಪ ಎಂದು ಕತ್ತರಿಸಿದಳು, ಅಪಮಾನ, ಅಪಕೀರ್ತಿಗಳಲ್ಲಿ ಇರುವ ಉಪಸರ್ಗ. ಉಳಿದದ್ದು ‘ಆರ’. ಅದಕ್ಕೆ ಇಲ್ಲಿ ಹೊಂದುವ ಅರ್ಥವಿಲ್ಲ, ಮೇಲಾಗಿ ಸಂಪತ್ತಿನ ಮುಂದೆ ಕೆಟ್ಟದ್ದನ್ನು ಹೇಳುವ ‘ಅಪ’ ಕೂರುವುದೂ ಇಲ್ಲ. ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ ಎನ್ನಲು ಇವೆರಡು ಗುರುತು ಸಾಕು. ಒಂದಕ್ಷರ ಹಿಂದೆ ಸರಿದು ಅ, ಪಾರ ಎಂದು ಬಿಡಿಸಿದರೆ ಆಯಿತು. ಪಾರ ಎಂದರೆ ಆಚೆ ದಡ. ಆಚೆ ದಡವೇ ಇಲ್ಲದ್ದು ಅಪಾರ. ನಮ್ಮ ಲಿಂಗಾಂಬುಧಿಗೆ ಆಚೆ ದಡ ಚೆನ್ನಾಗಿಯೇ ಕಾಣುತ್ತಿತ್ತು, ಅಲ್ಲಿ ನಡೆಯುತ್ತಿದ್ದವರ ಸ್ವೆಟರಿನ ಬಣ್ಣವೂ ಕಾಣುತ್ತಿತ್ತು.

‘ಹೆದ್ದೆರೆ’ ಅಚ್ಚಗನ್ನಡ. ಇದಕ್ಕೆ ಬೇರೆಯದೇ ಕೀಲಿ. ಹಿರಿದು ಎಂಬುದು ಪದದ ಮುಂದೆ ಕೂರುವಾಗ ‘ಹೆ’ ಎಂದು ಕುಗ್ಗುತ್ತದೆ, ಆ ಪದದ ಮೊದಲ ವ್ಯಂಜನ ಒತ್ತಕ್ಷರವಾಗುತ್ತದೆ. ಮರ ಹೆಮ್ಮರ, ಜೇನು ಹೆಜ್ಜೇನು, ದಾರಿ ಹೆದ್ದಾರಿ. ತೆರೆ, ಪುಲಿಗಳಂತೆ ಮೂಲದ ಅಕ್ಷರ ತ, ಪ ಆಗಿದ್ದರೆ ಅದು ದ, ಬ ಆಗಿ ಮೆದುವಾಗುತ್ತದೆ: ಹೆದ್ದೆರೆ, ಹೆಬ್ಬುಲಿ. ಬಿಡಿಸುವಾಗ ಇದೇ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಆದರೆ ಹೆ ತೆಗೆದ ಮೇಲೆ ಉಳಿದದ್ದು ಒಂಟಿಯಾಗಿ ನಿಲ್ಲುವ ಪದವಾಗಿರಬೇಕು. ‘ಹೆಜ್ಜೆ’ಯಲ್ಲಿ ಹೆ ತೆಗೆದರೆ ‘ಜೆ’ ಉಳಿಯುತ್ತದೆ, ಅದಕ್ಕೆ ಅರ್ಥವಿಲ್ಲ. ಅಲ್ಲಿ ದೊಡ್ಡದು ಯಾವುದೂ ಅಡಗಿಲ್ಲ.

ಕೊನೆಗೆ ಉಳಿದದ್ದು ದ್ವಿಜ. ದ್ವಿ, ಜ: ಎರಡು ಸಲ ಹುಟ್ಟಿದ್ದು. ಇಲ್ಲಿ ತುಂಡುಗಳು ಮೂರು ಬಾಗಿಲು ತೆರೆದು ಸುಮ್ಮನಾಗುತ್ತವೆ. ಮೊಟ್ಟೆಯಾಗಿ, ಮತ್ತೆ ಮರಿಯಾಗಿ ಹುಟ್ಟುವ ಹಕ್ಕಿ, ಬಿದ್ದು ಮತ್ತೆ ಬರುವ ಹಲ್ಲು, ಉಪನಯನವಾದ ಬ್ರಾಹ್ಮಣ. ಮೂವರೂ ದ್ವಿಜರೇ. “ಮರದಲ್ಲಿ ಕಲರವ ಅಂತಿದೆಯಲ್ಲ, ಹಲ್ಲಂತೂ ಅಲ್ಲ,” ಎಂದಳು. ಸ್ವಲ್ಪ ಹೊತ್ತು ಹಾಳೆಯನ್ನೇ ದಿಟ್ಟಿಸಿದಳು. “ಬ್ರಾಹ್ಮಣರೂ ಅಲ್ಲ ದೊಡ್ಡಮ್ಮ. ಮನುಷ್ಯರಾಗಿದ್ರೆ ದ್ವಿಜರು ಅಂತ ಬರೀತಿದ್ರು. ಇಲ್ಲಿ ದ್ವಿಜಗಳು ಅಂತಿದೆ.”

ಸಂಸ್ಕೃತದ ಧಾತು ಬಿಡಿಸಲಾಗದೆ ಬಿಟ್ಟ ಗಂಟನ್ನು ಕನ್ನಡದ ಒಂದು ‘ಗಳು’ ಬಿಚ್ಚಿಹಾಕಿತ್ತು. ಇದನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಉತ್ತರದ ಜಾಗದಲ್ಲಿ ‘ಹಕ್ಕಿಗಳು’ ಎಂದು ಬರೆದು, ‘ಗಳು’ವಿನ ಕೆಳಗೆ ಎರಡು ಗೆರೆ ಎಳೆದಳು.