ಬಿಳಿ ಆಯತದೊಳಗೆ ಒಂದು ಪಯಣ

ಕತ್ತಿಯ ಏಟು ಬಿದ್ದೊಡನೆ ರಾಕ್ಷಸನ ಮೈ ಒಂದು ಕ್ಷಣ ಬೆಳ್ಳಗೆ ಮಿಂಚಬೇಕಿತ್ತು. ಗೆಳತಿ ಗೋಡೋ 4ರಲ್ಲಿ ಕಟ್ಟುತ್ತಿರುವ ಆಟದಲ್ಲಿ ರಾಕ್ಷಸನೇ ಮಾಯವಾಗಿ, ಅವನಿದ್ದ ಕಡೆ ಅಚ್ಚ ಬಿಳಿಯ ಆಯತವೊಂದು ನಿಂತಿತು. ಕೊಂಬಿಲ್ಲ, ಕೈಯಿಲ್ಲ, ಬಾಲವಿಲ್ಲ. ಆ ಆಯತ ಎಲ್ಲಿಂದ ಬಂತೆಂದು ನೋಡಲು ನಾವಿಬ್ಬರೂ ಚಿತ್ರದ ಒಂದು ಮೂಲೆಯಿಂದ ಹೊರಟೆವು. ರೆಂಡರ್‌ಡಾಕ್ ಎಂಬ ತಂತ್ರಾಂಶ ನಮ್ಮ ವಾಹನ. ಅದು ಆಟದ ಒಂದೇ ಒಂದು ಫ್ರೇಮನ್ನು ಹಿಡಿದಿಟ್ಟು, ಅದರಲ್ಲಿ ನಡೆದ ಒಂದೊಂದು ಚಿತ್ರಣವನ್ನೂ ಬಿಡಿಸಿ ತೋರಿಸುತ್ತದೆ.

ಮೊದಲ ನಿಲ್ದಾಣದಲ್ಲೇ ಬೆರಗಾಯಿತು. ತಂತಿರೇಖೆಗಳ ನೋಟ ತೆರೆದಾಗ ಅಲ್ಲಿ ರಾಕ್ಷಸನ ಆಕಾರವೇ ಇರಲಿಲ್ಲ. ಎರಡು ತ್ರಿಕೋನಗಳು ಕರ್ಣದುದ್ದಕ್ಕೂ ಅಂಟಿಕೊಂಡು ಒಂದು ಚೌಕವಾಗಿದ್ದವು, ಅಷ್ಟೇ. 32×32ರ ಚಿತ್ರದ 1024 ಬಿಂದುಗಳೂ ಆ ಚೌಕದೊಳಗೇ ಬರುತ್ತವೆ. ಗ್ರಾಫಿಕ್ಸ್ ಚಿಪ್ ಶೇಡರನ್ನು ಚೌಕದ ಉದ್ದಗಲಕ್ಕೂ ಓಡಿಸುತ್ತದೆ, ರಾಕ್ಷಸನಿರುವ ಕಡೆಯೂ ಇಲ್ಲದ ಕಡೆಯೂ. ನಾವು ಆಟಗಳಲ್ಲಿ ಇಷ್ಟು ವರ್ಷ ಕಂಡ ಕೊಂಬು, ಬಾಲ, ಗರಿಗಳ ಅಂಚೆಲ್ಲ ಚೌಕದ ಮೇಲಿನ ನಂಬಿಕೆ ಮಾತ್ರ. ಆ ನಂಬಿಕೆಯನ್ನು ಕಾಯುವುದು ಪ್ರತಿ ಬಿಂದುವಿನ ನಾಲ್ಕನೆಯ ಸಂಖ್ಯೆ, ಆಲ್ಫಾ. ಕೆಂಪು, ಹಸಿರು, ನೀಲಿಗಳ ಜೊತೆಗಿದ್ದು, ಆ ಬಿಂದು ಎಷ್ಟರ ಮಟ್ಟಿಗೆ ಕಾಣಬೇಕೆಂದು ಅದು ಹೇಳುತ್ತದೆ. ಚಿತ್ರದ ಆಲ್ಫಾ ಒಂದನ್ನೇ ತೆರೆದು ನೋಡಿದೆವು. ರಾಕ್ಷಸ ಅಲ್ಲಿ ನೆರಳಿನ ಗೊಂಬೆಯಂತೆ ಪೂರ್ತಿಯಾಗಿ ನಿಂತಿದ್ದ!

ಮುಂದಿನ ನಿಲ್ದಾಣ ಶೇಡರ್. ಅಲ್ಲಿ ಈ ಸಾಲಿತ್ತು:

```
COLOR = mix(COLOR, vec4(1.0), flash);
```

`flash` 1 ಆದಾಗ `mix` ಮೊದಲ ಬಣ್ಣವನ್ನು ಪೂರ್ತಿ ಬಿಟ್ಟು ಎರಡನೆಯದನ್ನು ಕೊಡುತ್ತದೆ. `vec4(1.0)` ಎಂದರೆ ನಾಲ್ಕೂ ಸಂಖ್ಯೆ 1, ಆಲ್ಫಾ ಸಹ. ನಮ್ಮ ಮೂಲೆಯ ಬಿಂದು (0, 0, 0, 0) ಆಗಿ ಒಳಹೊಕ್ಕು (1, 1, 1, 1) ಆಗಿ ಹೊರಬಂತು. ಕಾಣಬಾರದಿದ್ದ ಬಿಂದುಗಳೆಲ್ಲ ಹೀಗೆ ಎದ್ದು ನಿಂತು ಆಯತವಾಗಿದ್ದವು. ಗೆಳತಿ ಆಲ್ಫಾವನ್ನು ಮುಟ್ಟದ ಹಾಗೆ ಸಾಲನ್ನು ಬದಲಿಸಿದಳು:

```
COLOR.rgb = mix(COLOR.rgb, vec3(1.0), flash);
```

ಈಗ ಮೂಲೆಯ ಬಿಂದು (1, 1, 1, 0) ಆಗಿ ಹೊರಟಿತು. ಬಣ್ಣ ಬಿಳಿಯೇ, ಆದರೆ ಕಾಣುವುದಿಲ್ಲ. ಅದು ಸೇರುವುದು ಕೊನೆಯ ನಿಲ್ದಾಣಕ್ಕೆ, ಬಣ್ಣ ಬೆರೆಸುವ ಹಂತಕ್ಕೆ. ಅಲ್ಲಿ ಹೊಸ ಬಣ್ಣವನ್ನು ಆಲ್ಫಾದಿಂದ ಗುಣಿಸಿ, ಹಿಂದಿನ ಬಣ್ಣವನ್ನು 1ರಲ್ಲಿ ಆಲ್ಫಾ ಕಳೆದುಳಿದುದರಿಂದ ಗುಣಿಸಿ, ಎರಡನ್ನೂ ಕೂಡುತ್ತಾರೆ. ಹಿಂದಿದ್ದ ಹುಲ್ಲು (0.2, 0.6, 0.2). ನಮ್ಮ ಬಿಂದುವಿನ ಬಿಳಿ ಸೊನ್ನೆಯಾಗಿ ಹುಲ್ಲು ಹುಲ್ಲಾಗಿಯೇ ಉಳಿಯಿತು. ಅಂಚಿನಲ್ಲಿ ಆಲ್ಫಾ 0.5 ಇರುವ ಬಿಂದುವನ್ನೂ ಹಿಂಬಾಲಿಸಿದೆವು: ಅದು (0.6, 0.8, 0.6) ಆಗಿ, ಬಿಳಿಗೂ ಹುಲ್ಲಿಗೂ ನಡುವೆ ನಯವಾಗಿ ನಿಂತಿತು. ಪರದೆಯ ಮೇಲೆ ಕೊಂಬು ಬಾಲಗಳ ಸಮೇತ ರಾಕ್ಷಸ ಬೆಳ್ಳಗೆ ಮಿಂಚಿದ. ಒಂದು ಸಂಖ್ಯೆಯನ್ನು ಅದರ ಪಾಡಿಗೆ ಬಿಟ್ಟದ್ದಕ್ಕೆ ಇಡೀ ರೂಪ ಮರಳಿ ಬಂದಿತ್ತು!

ಈ ದಾರಿಯಲ್ಲೊಂದು ಕವಲಿದೆ. ಯೂನಿಟಿಯ ಹಳೆಯ ಸ್ಪ್ರೈಟ್ ಶೇಡರಿನಂಥ ಕಡೆ ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿಟ್ಟಿರುತ್ತಾರೆ. ಬೆರೆಸುವ ಹಂತದಲ್ಲಿ ಹೊಸ ಬಣ್ಣವನ್ನು ಮತ್ತೆ ಗುಣಿಸದೆ ನೇರ ಕೂಡುತ್ತಾರೆ. ಅಲ್ಲಿ (1, 1, 1, 0) ಬಂದರೆ ಹುಲ್ಲಿನ ಮೇಲೆ ಪೂರ್ತಿ ಬಿಳಿ ಕೂಡಿ, ಆಲ್ಫಾ ಸರಿಯಿದ್ದರೂ ಅದೇ ಆಯತ ಮೂಡುತ್ತದೆ. ಗುಣಿಸಿದ ಮೇಲೆ ಮಿಂಚಿಸುವುದಾದರೆ ಗುರಿ ಬಣ್ಣ 1 ಆಗಿರದೆ ಆಲ್ಫಾದಷ್ಟೇ ಇರಬೇಕು:

```
c.rgb = lerp(c.rgb, c.aaa, flash);
```

ಬಿಳಿಗೆ ಶೇಡರೇ ಏಕೆ ಬೇಕೆಂಬುದೂ ದಾರಿಯಲ್ಲೇ ತಿಳಿಯಿತು. ಗೋಡೋದ `modulate` ಬಣ್ಣಗಳನ್ನು ಗುಣಿಸುತ್ತದೆ. ಬಿಳಿ ಎಂದರೆ 1, ಯಾವುದನ್ನು 1ರಿಂದ ಗುಣಿಸಿದರೂ ಅದು ಅದೇ. ಹಾಗಾಗಿ ಕಪ್ಪು ಕೊಂಬನ್ನು ಅದರಿಂದ ಬೆಳ್ಳಗಾಗಿಸಲಾಗದು.

ಈ ದಾರಿ ಹಿಡಿಯುವವರಿಗೆ ಒಂದು ಮಾತು. ಪರೀಕ್ಷಿಸುವಾಗ ಹಿನ್ನೆಲೆ ಬಿಳಿಯಾಗಿರದಿರಲಿ, `flash` ಅನ್ನು 0.5ಕ್ಕೆ ನಿಲ್ಲಿಸಿ ನೋಡಿ. ಚಿತ್ರದ ಸುತ್ತ ಮಸುಕಾದ ಪೆಟ್ಟಿಗೆ ಕಂಡರೆ ಮೊದಲು ಶೇಡರ್ ಬರೆದ ಆಲ್ಫಾವನ್ನು ನೋಡಿ. ಅದು ಸರಿಯಿದ್ದರೆ ಬೆರೆಸುವ ವಿಧಾನವನ್ನು ನೋಡಿ. ತಪ್ಪು ಈ ಎರಡರಲ್ಲೊಂದು ಕಡೆ ಸಿಗುವುದೇ ಹೆಚ್ಚು.