ರೇಡಿಯೋ ಅಯೋಡಿನ್ ಸೇವಿಸಿದ ಮೇಲೆ ಮನೆಯಲ್ಲಿ ನಡೆದುಕೊಳ್ಳುವ ಬಗೆ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿಯು ಮಿತಿಮೀರಿ ಕೆಲಸಮಾಡತೊಡಗಿದರೆ ಎದೆ ಡವಗುಟ್ಟುವುದು, ಕೈ ನಡುಗುವುದು, ಉಂಡರೂ ಮೈ ಇಳಿಯುವುದು ಮೊದಲಾದ ಬಾಧೆಗಳು ತಲೆದೋರುವುವು. ಇದಕ್ಕೆ ವಿಕಿರಣವನ್ನು ಸೂಸುವ ಅಯೋಡಿನನ್ನು ಔಷಧವಾಗಿ ಕೊಡುವ ಪದ್ಧತಿಯು 1941ರಲ್ಲಿ ಅಮೆರಿಕಾದ ಬಾಸ್ಟನ್ ನಗರದಲ್ಲಿ ಸಾಲ್ ಹರ್ಟ್ಸ್ ಎಂಬ ವೈದ್ಯರಿಂದ ಆರಂಭವಾಯಿತು. ಈಗ ನಮ್ಮ ದೇಶದ ದೊಡ್ಡ ಊರುಗಳಲ್ಲಿಯೂ ಇದು ರೂಢಿಯ ಚಿಕಿತ್ಸೆಯೇ ಆಗಿದೆ. ಔಷಧವನ್ನು ನುಂಗುವುದು ಒಂದು ನಿಮಿಷದ ಕೆಲಸ. ಆಮೇಲೆ ಮನೆಯಲ್ಲಿ ನಡೆದುಕೊಳ್ಳುವುದು ಎರಡು ಮೂರು ವಾರಗಳ ಕೆಲಸ. ನಮ್ಮ ತಮ್ಮನ ಹೆಂಡತಿಗೆ ಈ ಚಿಕಿತ್ಸೆಯು ನಿಶ್ಚಯವಾದಾಗ ಅವಳ ಮಗುವಿಗೆ ಮೂರು ವರ್ಷ; ಗರ್ಭಿಣಿಯಾದ ನಮ್ಮ ಮಗಳು ಸೀಮಂತಕ್ಕೆಂದು ಬರುವವಳಿದ್ದಳು. ಹೀಗಿರಲಾಗಿ, ಯಾವುದನ್ನು ಏತಕ್ಕೆ ಮಾಡಬೇಕೆಂಬುದನ್ನು ನಾವು ವೈದ್ಯರಿಂದ ವಿವರವಾಗಿ ಕೇಳಿ ತಿಳಿಯಬೇಕಾಯಿತು.

ಮನೆಯ ಹಿರಿಯರಾದ ನಮ್ಮ ತಾಯಿಯವರು ಮೊದಲು ಇದನ್ನು ಮೈಲಿಗೆಯಂತೆ ಭಾವಿಸಿದರು. “ಹದಿನೈದು ದಿನ ಮುಟ್ಟಬಾರದೆಂದರೆ ತಲೆಗೆ ಸ್ನಾನಮಾಡಿದರೆ ಆಗದೇನಪ್ಪಾ?” ಎಂದು ಕೇಳಿದರು. ಇದು ಅಂಥದಲ್ಲ. ಮೈಲಿಗೆಗೆ ಮುಟ್ಟುವುದು ಮುಖ್ಯ. ಇಲ್ಲಿ ದೂರವೂ ಹೊತ್ತೂ ಮುಖ್ಯ. ಔಷಧವು ಗ್ರಂಥಿಯೊಳಗೆ ಸೇರಿ ಅಲ್ಲಿಂದ ಕಿರಣಗಳನ್ನು ಹೊರಸೂಸುವುದು. ಸ್ನಾನದಿಂದ ಅದು ಹೋಗದು. ಹಾಗೆಯೇ ಆ ಕಿರಣ ತಾಕಿದವರು ತಾವು ಕಿರಣ ಸೂಸುವವರಾಗುವುದೂ ಇಲ್ಲ. ಒಂದು ಮೀಟರು ದೂರದಲ್ಲಿರುವುದಕ್ಕಿಂತ ಅದರ ಕಾಲುಭಾಗ ದೂರಕ್ಕೆ ಬಂದರೆ ಕಿರಣದ ಪೆಟ್ಟು ಸ್ಥೂಲವಾಗಿ ಹದಿನಾರು ಪಾಲಾಗುವುದು. ತೊಡೆಯ ಮೇಲೆ ಕುಳಿತು ಎದೆಗೊರಗಿದ ಮಗುವಿನ ದೂರ ಅಷ್ಟೇ ತಾನೆ! ಅಂದರೆ ಒಂದು ಗಂಟೆ ತೊಡೆಯ ಮೇಲಿರುವುದೂ ಹದಿನಾರು ಗಂಟೆ ಒಂದು ಮೀಟರಿನಾಚೆ ಆಡುತ್ತಿರುವುದೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಬಾಗಿಲಲ್ಲಿ ನಿಂತು ಮಾತನಾಡಿಸುವುದಕ್ಕೆ ಅಡ್ಡಿಯಿಲ್ಲದೆ, ಜೊತೆಯಲ್ಲಿ ಮಲಗಿಸಿಕೊಳ್ಳುವುದಕ್ಕೆ ಮಾತ್ರ ಬಹುದಿನಗಳ ನಿಷೇಧವಿರುವುದು ಇದರಿಂದಲೇ. ರಾತ್ರಿಯ ನಿದ್ರೆಯೆಂದರೆ ಎಂಟು ಗಂಟೆಯ ಹೊತ್ತು ಅತಿ ಸಮೀಪದಲ್ಲಿರುವುದಷ್ಟೆ.

ನಮ್ಮ ಮನೆಯಲ್ಲಿ ಕೊಟ್ಟ ಪ್ರಮಾಣ 10 ಮಿಲಿಕ್ಯೂರಿ. ಈ ಅಯೋಡಿನಿನ ಶಕ್ತಿಯು ತಾನಾಗಿಯೇ ಎಂಟು ದಿನಗಳಿಗೆ ಅರ್ಧವಾಗುವುದು. ಹದಿನಾರು ದಿನಗಳಿಗೆ ಕಾಲುಭಾಗ ಉಳಿಯುವುದು. ಗ್ರಂಥಿಯು ಹಿಡಿದಿಟ್ಟುಕೊಳ್ಳದ ಭಾಗವು ಮೂತ್ರದಲ್ಲಿ, ಅದರಲ್ಲಿಯೂ ಮೊದಲ ಎರಡು ದಿನಗಳಲ್ಲಿ ಬಹುಮಟ್ಟಿಗೆ ಹೊರಟುಹೋಗುವುದರಿಂದ ದೇಹದೊಳಗೆ ಅದು ಇನ್ನೂ ಬೇಗ ಇಳಿಯುವುದು. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ ಮೇರೆಗೆ ಮಗುವನ್ನು ಮೊದಲ ಐದು ದಿನ ಅದರ ಸೋದರಮಾವನ ಮನೆಯಲ್ಲಿ ಬಿಟ್ಟೆವು. ಮೂರು ವರ್ಷದ ಕೂಸಿಗೆ “ಅಮ್ಮನ ಹತ್ತಿರ ಹೋಗಬೇಡ” ಎಂದು ದಿನವೆಲ್ಲ ಹೇಳುತ್ತಿರುವುದಕ್ಕಿಂತ ಇದೇ ಸುಲಭ. ಹಿಂತಿರುಗಿದ ಮೇಲೆ ಹದಿನೈದನೆಯ ರಾತ್ರಿಯ ತನಕ ಅಜ್ಜಿಯ ಬಳಿ ಮಲಗಿಸಿದೆವು. ಹಗಲಲ್ಲಿ ತಾಯಿಯು ಮಗುವಿಗೆ ದೂರದಿಂದ ಕಥೆ ಹೇಳುತ್ತಿದ್ದಳು. ಎತ್ತಿಕೊಂಡು ತಿನ್ನಿಸುವುದು, ಮುದ್ದಿಡುವುದು ಮಾತ್ರ ಇರಲಿಲ್ಲ. ಪ್ರಮಾಣವು ಬೇರೆಯಾದರೆ ದಿನಗಳೂ ಬೇರೆಯಾಗುವುವು. ಕ್ಯಾನ್ಸರಿಗಾಗಿ 30 ಮಿಲಿಕ್ಯೂರಿಗೆ ಮೀರಿ ಕೊಡುವಾಗ ನಮ್ಮ ದೇಶದಲ್ಲಿ ರೋಗಿಯನ್ನು ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿರಿಸಿಕೊಂಡು ಅನಂತರವೇ ಕಳುಹಿಸುವರು. ಆದುದರಿಂದ ಒಬ್ಬರ ಚೀಟಿಯನ್ನು ಇನ್ನೊಬ್ಬರು ಅನುಸರಿಸತಕ್ಕದ್ದಲ್ಲ.

ಕಿರಣವಲ್ಲದೆ ಎರಡನೆಯ ಮಾರ್ಗವೊಂದುಂಟು. ಮೂತ್ರ, ಎಂಜಲು, ಬೆವರುಗಳಲ್ಲಿ ಔಷಧದ ಅಂಶವೇ ಇರುವುದು. ಅದು ಮಗುವಿನ ಬಾಯಿಗೆ ಹೋದರೆ ಅದರ ಪುಟ್ಟ ಗ್ರಂಥಿಯಲ್ಲಿ ಸೇರಿಕೊಳ್ಳುವುದು. ಆದುದರಿಂದ ಮೊದಲ ದಿನಗಳಲ್ಲಿ ತಟ್ಟೆ, ಲೋಟ, ಟವೆಲು, ಹಾಸಿಗೆ ಬೇರೆಯಾಗಿರಬೇಕು; ಪಾತ್ರೆ ಬಟ್ಟೆಗಳನ್ನು ಬೇರೆಯಾಗಿಯೇ ತೊಳೆಯಬೇಕು; ತಾನು ಕಚ್ಚಿದ ಹಣ್ಣನ್ನು ಮಗುವಿಗೆ ಕೊಡಬಾರದು. ಚೆನ್ನಾಗಿ ನೀರು ಕುಡಿದು ಮೂತ್ರವನ್ನು ತಡೆಯದೆ ಹೋಗುತ್ತಿರಬೇಕು. ಗಂಡಸರಾದರೂ ಕುಳಿತೇ ಮೂತ್ರಮಾಡಿ, ಎರಡು ಸಲ ನೀರು ಬಿಟ್ಟು, ಸೋಪಿನಿಂದ ಕೈ ತೊಳೆಯುವುದು ಮೇಲು. ಔಷಧ ಸೇವಿಸಿದ ದಿನವೇ ವಾಂತಿಯಾದರೆ ಒಡನೆ ಆಸ್ಪತ್ರೆಗೆ ತಿಳಿಸತಕ್ಕದ್ದು.

ಗರ್ಭದ ವಿಷಯದಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ಗರ್ಭಿಣಿಯು ತಾನೇ ಈ ಔಷಧವನ್ನು ಸೇವಿಸುವುದು ಎಂದಿಗೂ ಸಲ್ಲದು. ಹತ್ತು ಹನ್ನೆರಡು ವಾರಗಳಾಗುವ ಹೊತ್ತಿಗೆ ಶಿಶುವಿನ ಗ್ರಂಥಿಯು ಅಯೋಡಿನನ್ನು ಹೀರತೊಡಗುವುದು. ತಾಯಿ ನುಂಗಿದುದು ಅಲ್ಲಿಗೆ ಸೇರಿ ಆ ಗ್ರಂಥಿಯನ್ನೇ ನಾಶಮಾಡಬಲ್ಲುದು. ಇದಕ್ಕಾಗಿಯೇ ಔಷಧಕ್ಕೆ ಮುಂಚೆ ಗರ್ಭಪರೀಕ್ಷೆಯನ್ನು ಮಾಡುವರು, ಇದನ್ನು ಅವಮಾನವೆಂದೆಣಿಸಬೇಕಾಗಿಲ್ಲ. ಅನಂತರವೂ ಹೆಂಗಸರು ಆರು ತಿಂಗಳು ಗರ್ಭಧರಿಸದಂತೆ ನೋಡಿಕೊಳ್ಳಬೇಕು. ವಿಕಿರಣವು ಅಷ್ಟು ಕಾಲ ಉಳಿಯುವುದೆಂದಲ್ಲ. ಗ್ರಂಥಿಯ ರಸವು ಹದಕ್ಕೆ ಬರಲೂ, ಮತ್ತೊಮ್ಮೆ ಔಷಧ ಬೇಕೇ ಎಂಬುದು ತಿಳಿಯಲೂ ಆ ಅವಧಿ ಬೇಕು. ಔಷಧ ಸೇವಿಸಿದ ಗಂಡಸರಿಗೆ ಮೂರು ನಾಲ್ಕು ತಿಂಗಳ ಅವಧಿಯನ್ನು ಹೇಳುವರು. ಮೊಲೆಯುಣಿಸುವ ತಾಯಿಯು ಔಷಧಕ್ಕೆ ಆರು ವಾರ ಮೊದಲೇ ಹಾಲು ಬಿಡಿಸಿರಬೇಕು, ಆ ಮಗುವಿಗೆ ಮತ್ತೆ ಉಣಿಸಲಾಗದು. ಮುಂದಿನ ಮಗುವಿಗೆ ಬಾಧಕವಿಲ್ಲ.

ಇನ್ನು, ರೋಗಿಯ ಹತ್ತಿರ ಸುಳಿಯುವ ಗರ್ಭಿಣಿಯ ಮಾತು ಬೇರೆ. ಆಕೆ ಔಷಧವನ್ನು ನುಂಗಿಲ್ಲ. ಹೊರಗಿನ ಕಿರಣವಷ್ಟೇ ಆಕೆಗೆ ತಾಕುವುದು. ಹಜಾರದಲ್ಲಿ ಎದುರಾದ ಮಾತ್ರಕ್ಕೆ ಕಳವಳಪಡಬೇಕಾದುದಿಲ್ಲ. ಒಂದೇ ಮಂಚದಲ್ಲಿ ಮಲಗುವುದು, ಮೈಗೆ ಮೈ ತಾಗಿ ಗಂಟೆಗಟ್ಟಲೆ ಕೂರುವುದು ಬೇಡ. ಆದರೂ ಸೀಮಂತವೆಂದರೆ ಮನೆತುಂಬ ಜನ, ಮಡಿಲು ತುಂಬುವುದು, ಒತ್ತಾಗಿ ಕೂರುವುದು. ನಾವು ಮುಹೂರ್ತವನ್ನು ಮೂರು ವಾರ ಮುಂದಕ್ಕೆ ಹಾಕಿಸಿದೆವು. ಆ ದಿನ ಚಿಕ್ಕಮ್ಮನೇ ಮಗಳಿಗೆ ಬಳೆ ತೊಡಿಸಿದಳು.

ಪ್ರಯಾಣದ ವಿಷಯದಲ್ಲಿ ಅದೇ ದೂರದ ಲೆಕ್ಕ. ಔಷಧ ಕೊಟ್ಟುದು ಬೆಂಗಳೂರಿನಲ್ಲಿ. ನಮ್ಮ ಮನೆ ತುಮಕೂರಿನಲ್ಲಿ. ಬಸ್ಸಿನಲ್ಲಿ ಪಕ್ಕದ ಆಸನಕ್ಕೆ ಬಸುರಿಯೋ ಮಗುವನ್ನೆತ್ತಿದವಳೋ ಬಂದರೆ ಬೇಡವೆನ್ನುವುದು ಹೇಗೆ? ತಮ್ಮನೇ ಕಾರು ನಡೆಸಿದನು. ಅವಳು ಹಿಂದೆ ಎಡಗಡೆಯ ಮೂಲೆಯಲ್ಲಿ ಕುಳಿತಳು. ಬೇರೆ ಯಾರೂ ಇರಲಿಲ್ಲ. ಆ ರಾತ್ರಿ ಹೋಟೆಲಿನಲ್ಲಿ ತಂಗುವುದನ್ನು ವೈದ್ಯರು ಬೇಡವೆಂದರು, ಹಾಸಿಗೆ ಬದಲಿಸುವ ಆಳಿಗೆ ವಿಷಯ ತಿಳಿದಿರುವುದಿಲ್ಲವಲ್ಲ! ವಿಮಾನದಲ್ಲಿ ಪರದೇಶಕ್ಕೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಲೋಹವನ್ನು ಹುಡುಕುವ ಬಾಗಿಲು ಇದನ್ನು ಅರಿಯದು. ಆದರೆ ವಿಕಿರಣವನ್ನು ಹುಡುಕುವ ಯಂತ್ರಗಳು ಅತಿ ಸೂಕ್ಷ್ಮವಾದುವಾದುದರಿಂದ, ಯಾರಿಗೂ ಅಪಾಯವಿಲ್ಲದ ಸ್ಥಿತಿಯಲ್ಲಿಯೂ ಕೆಲವು ವಾರಗಳು, ಒಮ್ಮೊಮ್ಮೆ ಮೂರು ತಿಂಗಳ ತನಕ, ಕೂಗಬಹುದು. ಔಷಧದ ಹೆಸರು, ಪ್ರಮಾಣ, ತಾರೀಖು, ಆಸ್ಪತ್ರೆಯ ದೂರವಾಣಿ ಇವನ್ನುಳ್ಳ ಪತ್ರವನ್ನು ಜೊತೆಯಲ್ಲಿಟ್ಟುಕೊಂಡರೆ ತೊಡಕಿಲ್ಲ.

ಗೃಹಸ್ಥರು ಮನೆಗೆ ಹೊರಡುವ ಮುಂಚೆ ಒಂದು ಕೆಲಸವನ್ನು ಮಾಡಬೇಕು. “ಇಷ್ಟು ದಿನ” ಎಂದು ಬರೆಸಿಕೊಳ್ಳುವ ಬದಲು ತಾರೀಖುಗಳನ್ನೇ ಬರೆಸಿಕೊಳ್ಳಬೇಕು: ಹಿರಿಯರೊಡನೆ ಮಲಗಲು ಯಾವ ತಾರೀಖು, ಮಗುವನ್ನು ಎತ್ತಿಕೊಳ್ಳಲು ಯಾವುದು, ಬಸ್ಸು ಹತ್ತಲು ಯಾವುದು, ರಕ್ತಪರೀಕ್ಷೆಗೆ ಯಾವುದು ಎಂದು. ಆ ತಾರೀಖಿಗೆ ಮುಂಚೆ ಮಗುವಿನ ಅಳುವಿಗೆ ಕರಗಬಾರದು. ಆ ತಾರೀಖು ಕಳೆದಮೇಲೆ ಭಯದಿಂದ ಮಗುವನ್ನು ದೂರವಿಡುವುದರಲ್ಲಿ ಯಾವ ಪ್ರಯೋಜನವೂ ಇಲ್ಲ.